ಪಕ್ಕದ ಮನೆ ಆಂಟಿಗೆ ನಾಲ್ಕು ಸಾಲು

ಊರಿನಲ್ಲಿ ಪಕ್ಕದ ಮನೆಯವರಿಗೆ ಹುಷಾರಿಲ್ಲ ಎಂಬ ಸುದ್ದಿ ವಿದೇಶದಲ್ಲಿರುವ ಹುಡುಗನಿಗೆ ಮುಟ್ಟುತ್ತದೆ. ಚಿಕ್ಕಂದಿನಿಂದ ಅವರ ಮನೆಯಲ್ಲೇ ಆಡಿ ಬೆಳೆದವನು, ವಿಚಾರಿಸಬೇಕು ಅನ್ನಿಸುತ್ತದೆ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಆದರೆ ಬರೆಯಲು ಬರುವುದಿಲ್ಲ. ಓದಿದ್ದು ಇಂಗ್ಲಿಷ್ ಮಾಧ್ಯಮ, ಅಂಕ ಜಾಸ್ತಿ ಬರುತ್ತದೆಂದು ಎರಡನೇ ಭಾಷೆಗೆ ಸಂಸ್ಕೃತ. ಆಂಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಓದುವುದು ಕಷ್ಟ. ಹಾಗಾಗಿ ಅವನು ಊರಿನಲ್ಲಿರುವ ಅಕ್ಕನಿಗೋ ಚಿಕ್ಕಮ್ಮನಿಗೋ ಹೇಳುತ್ತಾನೆ: ‘ನಾಲ್ಕು ಸಾಲು ಬರೆದು ಕಳ್ಸು, ನಾನು ನನ್ನ ಫೋನಿಂದ ಹಾಕ್ತೀನಿ.’ ಇಂಥ ಕೋರಿಕೆ ಈಗ ಬಹಳಷ್ಟು ಮನೆಗಳಲ್ಲಿ ಬರುತ್ತದೆ. ಬರೆಯಲು ಕೂತಾಗ ಮಾತ್ರ ಅದು ಅಂದುಕೊಂಡಷ್ಟು ಸುಲಭವಲ್ಲ ಎಂದು ಗೊತ್ತಾಗುತ್ತದೆ. ಬರೆಯುವವರು ಒಬ್ಬರು, ಹೇಳುತ್ತಿರುವವರು ಇನ್ನೊಬ್ಬರು, ಓದುವವರು ಮಲಗಿರುವವರು.

ಒಂದು ಉದಾಹರಣೆಯನ್ನೇ ಹಿಡಿದು ನೋಡಬಹುದು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಪಕ್ಕದ ಮನೆಯ ಆಂಟಿಗೆ 68 ವರ್ಷ. ಮಳೆಗಾಲದ ಕೊನೆಯಲ್ಲಿ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಹುಡುಗ ನ್ಯೂಜೆರ್ಸಿಯಲ್ಲಿದ್ದಾನೆ, ವಯಸ್ಸು ಮೂವತ್ತೈದರ ಆಸುಪಾಸು. ಬರೆದುಕೊಡುವವರು ಅವನ ಚಿಕ್ಕಮ್ಮ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಅವರಿಗೆ ಸಲೀಸಾಗಿ ಬರುತ್ತದೆ. ಅವರ ಬೆರಳಿಗೆ ಮೊದಲು ಬಂದದ್ದು ಹೀಗಿತ್ತು:

‘ಗೌರವಾನ್ವಿತ ಆಂಟಿಯವರೇ, ತಾವು ಅನಾರೋಗ್ಯದಿಂದ ಬಳಲುತ್ತಿರುವ ವಿಷಯ ತಿಳಿದು ಅತೀವ ದುಃಖವಾಯಿತು. ತಾವು ಶೀಘ್ರದಲ್ಲೇ ಗುಣಮುಖರಾಗಲಿ ಎಂದು ಆ ಭಗವಂತನಲ್ಲಿ ಪ್ರಾರ್ಥಿಸುತ್ತೇನೆ.’

ಮರ್ಯಾದೆಗೆ ಇದರಲ್ಲಿ ಕೊರತೆಯಿಲ್ಲ. ಆದರೆ ‘ವಿಷಯ ತಿಳಿದು ಅತೀವ ದುಃಖವಾಯಿತು’ ಮತ್ತು ‘ಆ ಭಗವಂತನಲ್ಲಿ ಪ್ರಾರ್ಥಿಸುತ್ತೇನೆ’ ಎಂಬ ಎರಡು ಮಾತನ್ನೂ ಕನ್ನಡಿಗರು ಹೆಚ್ಚಾಗಿ ಓದುವುದು ಯಾರಾದರೂ ತೀರಿಕೊಂಡಾಗ. ಪತ್ರಿಕೆಯ ಸಂತಾಪದಲ್ಲಿ, ಬಡಾವಣೆಯ ಗ್ರೂಪಿನಲ್ಲಿ ಹಾರ ಹಾಕಿದ ಫೋಟೊದ ಕೆಳಗೆ ಇವೇ ಪದಗಳು ಇದೇ ಕ್ರಮದಲ್ಲಿ ಬರುತ್ತವೆ. ಇನ್ನೂ ಸುಸ್ತಿನಿಂದ ಮಲಗಿರುವ ಹೆಂಗಸು ಅದನ್ನು ಓದಿದರೆ ‘ಶೀಘ್ರದಲ್ಲೇ ಗುಣಮುಖ’ಕ್ಕಿಂತ ‘ಅತೀವ ದುಃಖ’ವೇ ಮನಸ್ಸಿನಲ್ಲಿ ಉಳಿಯುತ್ತದೆ. ವ್ಯಾಕರಣದ ಒಂದು ತಪ್ಪೂ ಇದೆ, ಅದನ್ನು ಬಹಳ ಜನ ಮಾಡುತ್ತಾರೆ. ‘ತಾವು’ ಎಂದು ಎದುರಿನವರಿಗೇ ಹೇಳುವಾಗ ‘ಗುಣಮುಖರಾಗಲಿ’ ಹೊಂದುವುದಿಲ್ಲ, ಅದು ‘ಅವರು ಗುಣಮುಖರಾಗಲಿ’ ಎಂದು ಮೂರನೆಯವರ ಬಗ್ಗೆ ಹೇಳುವ ರೂಪ. ನೇರವಾಗಿ ಹೇಳುವಾಗ ‘ಬೇಗ ಹುಷಾರಾಗಿ’ ಅಥವಾ ‘ನೀವು ಬೇಗ ಹುಷಾರಾಗ್ಬೇಕು’ ಅನ್ನಬೇಕು. ‘ನಿಮಗೆ ಬೇಗ ವಾಸಿಯಾಗ್ಲಿ’ ಅಂದರೂ ಸರಿ, ಅಲ್ಲಿ ವಾಸಿಯಾಗುವುದು ಕಾಯಿಲೆ.

ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಈ ಹುಡುಗ ಹೀಗೆ ಮಾತಾಡುವುದೇ ಇಲ್ಲ. ಅವನು ಆ ಗೇಟಿನ ಹತ್ತಿರ ನಿಂತಿದ್ದರೆ ‘ಏನ್ ಆಂಟಿ, ಹೇಗಿದೀರಾ ಈಗ?’ ಅನ್ನುತ್ತಿದ್ದ. ಅವನ ಹೆಸರಿನಲ್ಲಿ ‘ಗೌರವಾನ್ವಿತ’ ಎಂಬುದು ಬಂದ ಕೂಡಲೇ ಆಂಟಿಗೆ ಇದನ್ನು ಯಾರೋ ಬರೆದುಕೊಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಬರೆದುಕೊಟ್ಟದ್ದು ತಪ್ಪಲ್ಲ. ಅವನ ದನಿ ಅದರಲ್ಲಿ ಇಲ್ಲದಿರುವುದು ತಪ್ಪು. ಆದ್ದರಿಂದ ಚಿಕ್ಕಮ್ಮ ಮೊದಲು ಮಾಡಬೇಕಾದ ಕೆಲಸ ಟೈಪ್ ಮಾಡುವುದಲ್ಲ, ಅವನಿಗೇ ಫೋನ್ ಮಾಡಿ ಕೇಳುವುದು. ಅವರನ್ನು ಏನಂತ ಕರೀತಿದ್ದೆ? ಅವರು ನಿನ್ನ ಏನಂತ ಕರೀತಿದ್ರು? ಆ ಮನೆ ಅಂದ್ರೆ ಮೊದಲು ಏನು ನೆನಪಾಗುತ್ತೆ? ಈ ಮೂರು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಸಂದೇಶದ ಅರ್ಧ ಭಾಗ ತಯಾರಾಗಿರುತ್ತದೆ.

ಕರೆಯುವ ಪದ ಬದಲಾಗಬಾರದು. ಆಗ ‘ಆಂಟಿ’ ಎಂದು ಕರೆಯುತ್ತಿದ್ದವನು ಈಗ ‘ಮೇಡಂ’ ಎಂದೋ ಹೆಸರಿಗೆ ‘ಅವರೇ’ ಸೇರಿಸಿಯೋ ಕರೆದರೆ ದೂರ ಸರಿದಂತೆ ಕಾಣುತ್ತದೆ. ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಆಂಟಿ, ಅಂಕಲ್ ಬೇರೂರಿ ಎರಡು ತಲೆಮಾರೇ ಆಗಿದೆ, ಅದನ್ನು ಕನ್ನಡ ಮಾಡಲು ಹೋಗಿ ‘ಅತ್ತೆ’ ಎಂದು ತಿದ್ದುವ ಅಗತ್ಯವಿಲ್ಲ. ಇನ್ನು ಕೆಲವು ಮನೆಗಳಲ್ಲಿ ಅಜ್ಜಿ, ದೊಡ್ಡಮ್ಮ, ಮಾಮಿ, ಮೇಷ್ಟ್ರು ಎಂದು ಬಳಕೆಯಿರುತ್ತದೆ. ಯಾವುದು ಇದೆಯೋ ಅದೇ ಇರಲಿ. ಹುಡುಗನನ್ನು ಅವರು ಕರೆಯುತ್ತಿದ್ದುದು ‘ಪುಟ್ಟು’ ಎಂದಾದರೆ ಅದೂ ಒಳಗೆ ಬರಬೇಕು. ಹೊರದೇಶದ ನಂಬರಿನಿಂದ ಬಂದ ಮೆಸೇಜ್ ಯಾರದೆಂದು ಆಂಟಿಗೆ ಗೊತ್ತಾಗದೆ ಇರಬಹುದು. ‘ನಾನು ಪಕ್ಕದ್ಮನೆ ಪುಟ್ಟು’ ಎಂದರೆ ಗುರುತೂ ಆಯಿತು, ಸಲಿಗೆಯೂ ಆಯಿತು.

ಆಡುಮಾತಿನಲ್ಲಿ ಬರೆಯುವಾಗ ಎಷ್ಟು ಆಡುಮಾತು ಎಂಬ ಪ್ರಶ್ನೆ ಬರುತ್ತದೆ. ‘ಆಯಿತು’ ‘ಆಯ್ತು’ ಆಗುತ್ತದೆ, ‘ಹೇಳಿದರು’ ‘ಹೇಳಿದ್ರು’, ‘ಬರುತ್ತೇನೆ’ ‘ಬರ್ತೀನಿ’, ‘ತೆಗೆದುಕೊಳ್ಳಿ’ ‘ತಗೊಳ್ಳಿ’. ಇಷ್ಟು ಓದಲು ಯಾರಿಗೂ ತೊಡಕಾಗುವುದಿಲ್ಲ. ಆದರೆ ಮಾತಿನ ಪ್ರತಿ ತಿರುವನ್ನೂ ಅಕ್ಷರಕ್ಕೆ ಇಳಿಸಲು ಹೋಗಿ ‘ಗೊತ್ತಾದ್ಮೇಲ್ಸಮಾಧಾನ್ವಾಯ್ತು’ ಎಂದು ಅಂಟಿಸಿದರೆ, ಕಣ್ಣಿನ ಪೊರೆ ತೆಗೆಸಿಕೊಂಡ ವಯಸ್ಸಿನವರು ಫೋನನ್ನು ಹತ್ತಿರ ದೂರ ಹಿಡಿದು ಒದ್ದಾಡಬೇಕಾಗುತ್ತದೆ. ಪದಗಳ ನಡುವೆ ಜಾಗ ಬಿಡುವುದು, ಒಂದು ಪದಕ್ಕೆ ಒಂದೇ ಸಂಕೋಚ ಸಾಕು ಎನ್ನುವುದು ಒಳ್ಳೆಯ ಅಳತೆ. ಟೈಪ್ ಮಾಡುವಾಗಲೂ ಒಂದು ಸಣ್ಣ ತೊಡಕಿದೆ. ‘ಫೋನ್’ಗೆ ‘ನಲ್ಲಿ’ ಸೇರಿಸಿದರೆ ಕೆಲವು ಕೀಲಿಮಣೆಗಳಲ್ಲಿ ಅದು ‘ಫೋನ್ನಲ್ಲಿ’ ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ, ಬಿಡಿಸಿ ಇಡಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಹಾಕಬೇಕು. ಬಾಯಿಮಾತಿನಂತೆ ‘ಫೋನಲ್ಲಿ’, ‘ಡಿಸೆಂಬರಲ್ಲಿ’ ಎಂದು ಬರೆದರೆ ಆ ಗೋಜೇ ಇಲ್ಲ.

ಊರು ಬದಲಾದರೆ ಈ ಮಾತೂ ಬದಲಾಗುತ್ತದೆ. ಅದೇ ಹುಡುಗ ಧಾರವಾಡದವನಾಗಿದ್ದರೆ ‘ಕಾಕೂ, ನಿಮಗ ಆರಾಮ ಇಲ್ಲಂತ ಕೇಳಿ ಭಾಳ ಬ್ಯಾಸರಾತು. ಗಡಿಬಿಡಿ ಮಾಡಬ್ಯಾಡ್ರಿ, ಲಗೂ ಆರಾಮ ಆಗ್ರಿ’ ಎಂದು ಇರಬೇಕಿತ್ತು. ಮಂಗಳೂರಿನ ಕಡೆಯವನಾದರೆ ‘ಈಗ ಹೇಗುಂಟು, ಜ್ವರ ಕಡಿಮೆ ಉಂಟಾ?’ ಎಂದು ಕೇಳುತ್ತಿದ್ದ. ಬರೆದುಕೊಡುವವರ ಊರು ಬೇರೆಯಾಗಿದ್ದಾಗ ಎಚ್ಚರ ಬೇಕು. ಹುಬ್ಬಳ್ಳಿಯಿಂದ ಮೈಸೂರಿಗೆ ಸೊಸೆಯಾಗಿ ಬಂದವರು ತಮ್ಮ ಕನ್ನಡದಲ್ಲಿ ಬರೆದುಕೊಟ್ಟರೆ ಅದು ಎಷ್ಟೇ ಸೊಗಸಾಗಿದ್ದರೂ ಮೈಸೂರಿನ ಪುಟ್ಟುವಿನ ಬಾಯಿಗೆ ಹೊಂದುವುದಿಲ್ಲ.

ಮೈಸೂರಿನ ಕಡೆ ‘ಹುಷಾರು’ ಎಂಬುದನ್ನು ತಪ್ಪಿಸಿಕೊಂಡು ಇಂಥ ಸಂದೇಶ ಬರೆಯುವುದೇ ಕಷ್ಟ, ಆದರೆ ಅದನ್ನು ಇಡುವ ಜಾಗ ನೋಡಿಕೊಳ್ಳಬೇಕು. ‘ಬೇಗ ಹುಷಾರಾಗಿ’ ಎಂದರೆ ವಾಸಿಯಾಗಲಿ ಎಂಬ ಹಾರೈಕೆ. ‘ಹುಷಾರಾಗಿರಿ’ ಎಂದರೆ ಜೋಪಾನ, ಜಾಗ್ರತೆ. ಸಾಲಿನ ಕೊನೆಯಲ್ಲಿ ಬರೀ ‘ಹುಷಾರು!’ ಎಂದು ಬಿಟ್ಟರೆ ಗದರಿಸಿದಂತೆ ಕೇಳುತ್ತದೆ. ಎದುರಿಗಿದ್ದಾಗ ದನಿಯಲ್ಲೇ ಅರ್ಥ ಗೊತ್ತಾಗುತ್ತದೆ, ಬರಹದಲ್ಲಿ ದನಿ ಇರುವುದಿಲ್ಲ. ಹಾಗೆಯೇ ‘ಕೊನೆಯ ಸಲ ನಿಮ್ಮನ್ನ ನೋಡಿದ್ದು’ ಎಂದು ಬರೆಯುವುದುಂಟು. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಅದು ತಾನಾಗಿ ಬರುತ್ತದೆ. ಕಾಯಿಲೆಯವರಿಗೆ ಕನ್ನಡದಲ್ಲಿ ಅದು ಅಪಶಕುನದ ಮಾತು. ‘ಹೋದ ಸಲ ಬಂದಾಗ’ ಎಂದರೆ ಮತ್ತೆ ಬರುವುದಿದೆ ಎಂಬುದು ಅದರಲ್ಲೇ ಸೇರಿಕೊಂಡಿರುತ್ತದೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹರಸುವುದಕ್ಕೂ ಒಂದು ದಿಕ್ಕಿದೆ. ‘ದೇವರು ಒಳ್ಳೇದು ಮಾಡ್ಲಿ’, ‘ಒಳ್ಳೇದಾಗ್ಲಿ’ ಎಂದು ಹಿರಿಯರು ಕಿರಿಯರಿಗೆ ಹೇಳುವುದು ರೂಢಿ. ಮೂವತ್ತೈದರ ಹುಡುಗ ಅರವತ್ತೆಂಟರ ಆಂಟಿಗೆ ಹಾಗೆ ಹರಸಿದರೆ ತುಸು ಎಡವಟ್ಟಾಗಿ ಕಾಣುತ್ತದೆ. ಅವನು ‘ದೇವರ ಹತ್ರ ಕೇಳ್ಕೋತೀನಿ’ ಎನ್ನಬಹುದು. ಅದೂ ಅವನು ನಿಜವಾಗಿ ಅಂಥ ಮಾತು ಆಡುವವನಾಗಿದ್ದರೆ ಮಾತ್ರ. ದೇವರ ಹೆಸರನ್ನೇ ಎತ್ತದ ಹುಡುಗನ ಬಾಯಿಗೆ ಚಿಕ್ಕಮ್ಮ ರಾಯರನ್ನೂ ಚಾಮುಂಡಿಯನ್ನೂ ಇಟ್ಟರೆ ಅವು ಚಿಕ್ಕಮ್ಮನ ಹಾರೈಕೆಯಾಗುತ್ತವೆ.

ಕಾಯಿಲೆಯ ಬಗ್ಗೆ ಎಷ್ಟು ಹೇಳಬೇಕು ಎಂಬುದು ಇದಕ್ಕಿಂತ ಸೂಕ್ಷ್ಮ. ಆಂಟಿಗೆ ಡೆಂಗಿ ಎಂದು ಬೀದಿಗೆಲ್ಲ ಗೊತ್ತಿದೆ, ಅವರೇ ಹೇಳಿಕೊಂಡಿದ್ದಾರೆ, ಹೆಸರೆತ್ತಿದರೆ ತಪ್ಪಿಲ್ಲ. ಗರ್ಭಕೋಶದ ಆಪರೇಷನ್, ಕ್ಯಾನ್ಸರ್, ಮನಸ್ಸಿನ ಕಾಯಿಲೆ ಇವು ಹಾಗಲ್ಲ. ಅವರು ಬಾಯಿಬಿಟ್ಟು ಹೇಳದಿದ್ದರೆ ‘ಹುಷಾರಿರಲಿಲ್ಲವಂತೆ’ ಎಂಬಲ್ಲಿಗೆ ನಿಲ್ಲಿಸಬೇಕು, ಇಲ್ಲವಾದರೆ ತಮ್ಮ ಸುದ್ದಿ ಅಮೆರಿಕದವರೆಗೂ ಹೋಗಿದೆ ಎಂಬ ಮುಜುಗರ ಕಾಯಿಲೆಯ ಜೊತೆಗೆ ಸೇರುತ್ತದೆ. ಸಂದೇಶವನ್ನು ಅವರೊಬ್ಬರೇ ಓದುತ್ತಾರೆಂಬ ಖಾತ್ರಿಯೂ ಇಲ್ಲ. ಕನ್ನಡಕ ಕೈಗೆ ಸಿಗದಿದ್ದರೆ ಸೊಸೆಯೋ ಮೊಮ್ಮಗಳೋ ಜೋರಾಗಿ ಓದಿ ಹೇಳುತ್ತಾರೆ. ಹಾಗೆ ನಡುಮನೆಯಲ್ಲಿ ಓದಿದರೂ ಇರುಸುಮುರುಸಾಗದಂತೆ ಇರಬೇಕು.

ಡೆಂಗಿಯ ನಡೆ ಸ್ವಲ್ಪ ತಿಳಿದಿದ್ದರೆ ತಪ್ಪು ಮಾತು ತಪ್ಪುತ್ತದೆ. ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಜ್ವರ ಇಳಿಯುವ ಹೊತ್ತಿನ ಒಂದೆರಡು ದಿನವೇ ವೈದ್ಯರು ಹೆಚ್ಚು ಕಣ್ಣಿಡುವ ಕಾಲ. ಕೆಲವರಲ್ಲಿ ಆಗಲೇ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಬೀಳುತ್ತದೆ, ಹೊಟ್ಟೆನೋವು, ವಾಂತಿ, ಎಲ್ಲಾದರೂ ರಕ್ತಸ್ರಾವ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿರುವಾಗಲೇ ‘ಜ್ವರ ಬಿಡ್ತಂತಲ್ಲ, ಇನ್ನೇನು ಹುಷಾರಾದ್ರಿ ಬಿಡಿ’ ಎಂದು ಕಳಿಸಿದರೆ ಅದು ಮನೆಯವರು ತೀರಾ ಗಾಬರಿಯಲ್ಲಿರುವ ಹೊತ್ತಿಗೆ ಹೋಗಿ ಬೀಳಬಹುದು. ಆಗ ವಿಚಾರಿಸಬೇಕಾದರೆ ಅಂಕಲ್‌ಗೋ ಅವರ ಮಕ್ಕಳಿಗೋ ‘ಏನಾದ್ರೂ ಬೇಕಿದ್ರೆ ಚಿಕ್ಕಮ್ಮನಿಗೆ ಹೇಳಿ’ ಎಂದು ಒಂದು ಸಾಲು ಹಾಕಿದರೆ ಸಾಕು. ಆಂಟಿಗೆ ಬರೆಯಲು ಸರಿಯಾದ ಸಮಯ ಅವರು ಮನೆಗೆ ಬಂದು ಒಂದೆರಡು ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬಂದು ನೋಡುವವರ ಸಂಖ್ಯೆ ಕಡಿಮೆಯಾಗಿರುತ್ತದೆ, ಸುಸ್ತು ಮಾತ್ರ ಹಾಗೇ ಇರುತ್ತದೆ. ಡೆಂಗಿಯ ನಂತರದ ಸುಸ್ತು ವಾರಗಟ್ಟಲೆ ಎಳೆಯುವುದುಂಟು. ಅದು ಗೊತ್ತಿರುವವರು ‘ಬೇಗ ಎದ್ದು ಓಡಾಡಿ’ ಎಂದು ಅವಸರಪಡಿಸುವುದಿಲ್ಲ.

ಸಲಹೆಗಳನ್ನು ಬಿಡುವುದು ಒಳ್ಳೆಯದು. ಡೆಂಗಿ ಎಂದ ಕೂಡಲೇ ಪಪ್ಪಾಯ ಎಲೆ ರಸ ಕುಡಿಯಿರಿ, ಕಿವಿ ಹಣ್ಣು ತಿನ್ನಿ, ಪ್ಲೇಟ್ಲೆಟ್ ಎಷ್ಟಿದೆ ಎಂದು ನಾಲ್ಕೂ ಕಡೆಯಿಂದ ಬರುತ್ತದೆ. ಆಂಟಿ ಅಷ್ಟನ್ನೂ ಈಗಾಗಲೇ ಕೇಳಿರುತ್ತಾರೆ. ಅವರ ಔಷಧ, ಪಥ್ಯ ನೋಡಿಕೊಳ್ಳುವ ವೈದ್ಯರು ಇದ್ದಾರೆ. ನ್ಯೂಜೆರ್ಸಿಯಿಂದ ಇನ್ನೊಂದು ಸಲಹೆ ಬಂದರೆ ‘ಕುಡಿದೆ ಕಣಪ್ಪ’ ಎಂದು ಇನ್ನೊಂದು ಉತ್ತರ ಕೊಡುವ ಕೆಲಸ ಹೆಚ್ಚುತ್ತದೆ, ಅಷ್ಟೇ. ‘ನಮ್ಮ ಆಫೀಸಲ್ಲಿ ಒಬ್ಬರಿಗೆ ಡೆಂಗಿ ಆಗಿ...’ ಎಂದು ಶುರುವಾಗುವ ಕಥೆಗಳಂತೂ ಬೇಡವೇ ಬೇಡ.

ಇದರ ಬದಲು ಅವರಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇರಬೇಕು. ಚಿಕ್ಕಮ್ಮ ಕೇಳಿದಾಗ ಹುಡುಗ ಹೇಳಿದ್ದು ಅವರೆಕಾಯಿಯ ಮಾತು. ಡಿಸೆಂಬರ್‌ನಲ್ಲಿ ಸೊಗಡವರೆ ಬಂದರೆ ಆಂಟಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಬೀದಿಯ ಮಕ್ಕಳೆಲ್ಲ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿದುಕಿದರೆ ಸಿಪ್ಪೆ ಜಾರಿ ಬೇಳೆ ಚಿಮ್ಮುತ್ತಿತ್ತು, ಅದನ್ನು ಒಬ್ಬರ ಮೇಲೊಬ್ಬರು ಹಾರಿಸಿ ಬೈಸಿಕೊಳ್ಳುತ್ತಿದ್ದರು. ಇಷ್ಟನ್ನೂ ಸಂದೇಶದಲ್ಲಿ ಬರೆಯಬೇಕಿಲ್ಲ, ‘ಅವರೆಕಾಯಿ’ ಎಂದರೆ ಆಂಟಿಗೆ ಉಳಿದದ್ದೆಲ್ಲ ನೆನಪಾಗುತ್ತದೆ. ಚಿಕ್ಕಮ್ಮ ಮೊದಲು ಬರೆದದ್ದು ‘ಡಿಸೆಂಬರಲ್ಲಿ ಬರ್ತಿದೀನಿ, ನಿಮ್ಮ ಕೈ ಹಿದುಕವರೆ ಸಾರು ತಿನ್ನಬೇಕು’ ಎಂದು. ಪ್ರೀತಿಯ ಮಾತೇ. ಆದರೆ ಪಾತ್ರೆ ಎತ್ತಲು ಕೈ ನಡುಗುವವರಿಗೆ ಅದು ಕೆಲಸದ ಪಟ್ಟಿಯಂತೆಯೂ ಕೇಳಬಹುದು. ಹುಡುಗನೇ ಅದನ್ನು ತಿರುಗಿಸಿದ: ‘ಈ ಸಲ ಕಾಯಿ ಬಿಡಿಸೋದು ನನ್ನ ಕೆಲಸ’ ಎಂದು ಹಾಕು ಅಂದ. ಇಡೀ ಸಂದೇಶದಲ್ಲಿ ಆಂಟಿ ಮತ್ತೆ ಓದುವ ಸಾಲು ಅದೇ ಇರಬೇಕು. ಬರೆದುಕೊಡುವವರು ಇಲ್ಲದ ನೆನಪನ್ನು ಕಟ್ಟಿ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬರುವುದು ಖಚಿತವಿಲ್ಲದಿದ್ದರೆ ಆ ಮಾತನ್ನೂ ಬರೆಯಬಾರದು. ಕಾಯಿಲೆಯಲ್ಲಿರುವವರು ದಿನ ಎಣಿಸುತ್ತಾರೆ.

ಕೊನೆಗೆ ಸಿದ್ಧವಾದದ್ದು ಇದು:

‘ಆಂಟಿ, ನಾನು ಪಕ್ಕದ್ಮನೆ ಪುಟ್ಟು. ನಿಮಗೆ ಡೆಂಗಿ ಆಗಿತ್ತು ಅಂತ ಚಿಕ್ಕಮ್ಮ ಹೇಳಿದ್ರು, ಕೇಳಿ ಬೇಜಾರಾಯ್ತು. ಮನೆಗೆ ಬಂದ್ರಿ ಅಂತ ಗೊತ್ತಾದ ಮೇಲೆ ಸಮಾಧಾನ ಆಯ್ತು. ಸುಸ್ತು ಹೋಗೋಕೆ ಸ್ವಲ್ಪ ದಿನ ಬೇಕಂತೆ, ಅವಸರ ಮಾಡ್ಬೇಡಿ, ಚೆನ್ನಾಗಿ ರೆಸ್ಟ್ ತಗೊಳ್ಳಿ. ಡಿಸೆಂಬರಲ್ಲಿ ಬರ್ತಿದೀನಿ. ಈ ಸಲ ಅವರೆಕಾಯಿ ಬಿಡಿಸೋದು ನನ್ನ ಕೆಲಸ. ಇದಕ್ಕೆ ಉತ್ತರ ಬರೀಬೇಕು ಅಂತೇನಿಲ್ಲ. ಬೇಗ ಹುಷಾರಾಗಿ.’

ಸುದ್ದಿ ಯಾರಿಂದ ಗೊತ್ತಾಯಿತು ಎಂದು ಹೇಳಿರುವುದರಿಂದ ಆಂಟಿಗೆ ‘ಇವನಿಗೆ ಯಾರು ಹೇಳಿದರು’ ಎಂಬ ಯೋಚನೆ ಇಲ್ಲ. ‘ಬೇಜಾರಾಯ್ತು’ ಒಂದೇ ಸಲ ಬಂದು, ಅದರ ಬೆನ್ನಿಗೇ ‘ಸಮಾಧಾನ ಆಯ್ತು’ ಬರುತ್ತದೆ. ‘ಬೇಕಂತೆ’ ಎಂಬುದರಲ್ಲಿ ತಾನು ತಿಳಿದವನೆಂಬ ಧೋರಣೆ ಇಲ್ಲ, ಕೇಳಿದ್ದನ್ನು ಹೇಳುತ್ತಿರುವ ವಿನಯವಿದೆ. ‘ರೆಸ್ಟ್’ ಎಂಬುದನ್ನು ‘ವಿಶ್ರಾಂತಿ’ ಎಂದು ತಿದ್ದಬಹುದಿತ್ತು, ಆದರೆ ಹುಡುಗ ಹಾಗೆ ಅನ್ನುವುದಿಲ್ಲ, ಆಂಟಿಯೂ ಅನ್ನುವುದಿಲ್ಲ. ಉತ್ತರ ಬೇಡ ಎಂಬ ಮಾತನ್ನು ಅನೇಕರು ಬರೆಯುವುದಿಲ್ಲ. ಮಲಗಿರುವ ಹಿರಿಯರಿಗೆ ಬಂದ ಮೆಸೇಜುಗಳಿಗೆಲ್ಲ ಉತ್ತರಿಸದೆ ಇದ್ದೇನಲ್ಲ ಎಂಬ ಸಂಕೋಚ ಬಹಳ ಇರುತ್ತದೆ. ಆ ಒಂದು ಸಾಲು ಅದನ್ನು ತೆಗೆಯುತ್ತದೆ. ವಿಡಿಯೊ ಕಾಲ್‌ಗಿಂತ ಇಂಥ ಸಂದೇಶ ಹಗುರ ಎನ್ನುವುದೂ ಇದೇ ಕಾರಣಕ್ಕೆ. ಕಾಲ್ ಬಂದರೆ ಎದ್ದು ಕೂರಬೇಕು, ತಲೆ ಬಾಚಿಕೊಳ್ಳಬೇಕು, ಹಣೆಗೆ ಇಟ್ಟುಕೊಳ್ಳಬೇಕು, ನಗಬೇಕು.

ಬರೆದದ್ದನ್ನು ಚಿಕ್ಕಮ್ಮ ಫೋನಿನಲ್ಲಿ ಹುಡುಗನಿಗೆ ಓದಿ ಹೇಳಬೇಕು. ಅವನಿಗೆ ಓದಲು ಬರುವುದಿಲ್ಲವಾದ್ದರಿಂದ ತನ್ನ ಹೆಸರಿನಲ್ಲಿ ಏನು ಹೋಗುತ್ತಿದೆ ಎಂದು ಅವನು ಕಿವಿಯಲ್ಲೇ ತಿಳಿಯಬೇಕು. ಎಲ್ಲಿ ಅವನ ನಾಲಿಗೆ ಎಡವುತ್ತದೋ ಅಲ್ಲಿ ಪದ ಬದಲಿಸಬೇಕು. ಆಮೇಲೆ ಕಳಿಸುವ ವಿಧಾನದಲ್ಲೂ ಎರಡು ಎಡವಟ್ಟುಗಳಿವೆ. ಚಿಕ್ಕಮ್ಮನಿಂದ ಬಂದದ್ದನ್ನು ವಾಟ್ಸ್ಆ್ಯಪಿನಲ್ಲಿ ಹಾಗೇ ಫಾರ್ವರ್ಡ್ ಮಾಡಿದರೆ ಮೇಲೆ ಫಾರ್ವರ್ಡ್ ಆದದ್ದೆಂಬ ಗುರುತು ಬೀಳುತ್ತದೆ, ಬೆಳಗಿನ ಸುಭಾಷಿತಗಳ ಸಾಲಿಗೆ ಇದೂ ಸೇರುತ್ತದೆ. ಕಾಪಿ ಮಾಡಿ ಅಂಟಿಸಿ ಕಳಿಸಬೇಕು. ಸಾಲು ಸಾಲಾಗಿ ಬೇರೆ ಬೇರೆ ಮೆಸೇಜಿನಲ್ಲಿ ಬರೆದುಕೊಟ್ಟಿದ್ದರೆ, ಅವನ್ನು ಒಟ್ಟಿಗೆ ಹಿಡಿದು ಕಾಪಿ ಮಾಡಿದಾಗ ಪ್ರತಿ ಸಾಲಿನ ಮುಂದೆ ತಾರೀಖು, ಸಮಯ, ಚಿಕ್ಕಮ್ಮನ ಹೆಸರು ಕೂಡ ಬಂದುಬಿಡಬಹುದು. ಆದ್ದರಿಂದ ಬರೆದುಕೊಡುವವರು ಇಡೀ ಸಂದೇಶವನ್ನು ಒಂದೇ ಮೆಸೇಜಿನಲ್ಲಿ ಕೊಡುವುದು ಕ್ಷೇಮ.

ಗಡಿಯಾರವನ್ನೂ ನೋಡಿಕೊಳ್ಳಬೇಕು. ನ್ಯೂಜೆರ್ಸಿಗಿಂತ ಭಾರತ ಅಲ್ಲಿಯ ಬೇಸಿಗೆ ಸಮಯದಲ್ಲಿ ಒಂಬತ್ತೂವರೆ ಗಂಟೆ ಮುಂದಿರುತ್ತದೆ, ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ ಗಂಟೆ. ಹುಡುಗ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಳಿಸಿದರೆ ಮೈಸೂರಿನಲ್ಲಿ ರಾತ್ರಿ ಹತ್ತು ದಾಟಿರುತ್ತದೆ. ತಲೆದಿಂಬಿನ ಪಕ್ಕ ಫೋನ್ ಸದ್ದು ಮಾಡುತ್ತದೆ, ಆ ಹೊತ್ತಿನ ಮೆಸೇಜ್ ಅಂದರೆ ಮನೆಯವರಿಗೆ ಗಾಬರಿ. ಅವನ ರಾತ್ರಿ ಹತ್ತೂವರೆಗೆ ಕಳಿಸಿದರೆ ಇಲ್ಲಿ ಬೆಳಿಗ್ಗೆ ಎಂಟು ಇಲ್ಲವೇ ಒಂಬತ್ತು. ಆಂಟಿ ಕಾಫಿ ಕುಡಿದು ಕೂತಿರುವ ಹೊತ್ತು.

ಇದೇ ಸಾಲುಗಳನ್ನು ಅವನು ಓದಲು ಬರದಿದ್ದರೂ ಬಾಯಲ್ಲಿ ಹೇಳಿ ದನಿ ಸಂದೇಶವಾಗಿ ಕಳಿಸಬಹುದು. ಕಣ್ಣು ಮಂಜಾದವರಿಗೆ ಅದೇ ಮೇಲು. ಅರ್ಧ ನಿಮಿಷ ಸಾಕು. ಆದರೆ ಬರೆದ ಸಂದೇಶವನ್ನು ಬೇಕಾದಾಗ ಬೇಕಾದಷ್ಟು ಸಲ ಸದ್ದಿಲ್ಲದೆ ಓದಬಹುದು, ಅಂಕಲ್‌ಗೆ ತೋರಿಸಬಹುದು.

ಎಲ್ಲ ಕಾಯಿಲೆಗೂ ಈ ಮಾದರಿ ನಡೆಯುವುದಿಲ್ಲ. ವಾಸಿಯಾಗುವ ಭರವಸೆ ಇಲ್ಲವೆಂದು ಅವರಿಗೂ ಮನೆಯವರಿಗೂ ಗೊತ್ತಿರುವಾಗ ‘ಬೇಗ ಹುಷಾರಾಗಿ’ ಎಂಬ ಮಾತು ನೋಯಿಸುತ್ತದೆ. ಅಲ್ಲಿ ಹಾರೈಕೆಯನ್ನು ಬಿಟ್ಟು ನೆನಪನ್ನು ಮಾತ್ರ ಇಟ್ಟುಕೊಳ್ಳಬೇಕು: ‘ಆಂಟಿ, ನಿಮ್ಮ ನೆನಪು ಬರ್ತಾ ಇರುತ್ತೆ. ನಿಮ್ಮ ಜಗುಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದದ್ದು ಇವತ್ತೂ ನೆನೆಸ್ಕೊಂಡೆ.’ ಇದಕ್ಕೆ ಮುಂದೆ ಏನನ್ನೂ ಸೇರಿಸಬೇಕಿಲ್ಲ.

ಡೆಂಗಿಯ ಆಂಟಿಯಿಂದ ಉತ್ತರ ಬಂದರೆ, ಬೇಡವೆಂದರೂ ಬಂದೇ ಬರುತ್ತದೆ, ಅದು ಕನ್ನಡದಲ್ಲೇ ಇರುತ್ತದೆ. ಹುಡುಗ ಅದನ್ನು ಚಿಕ್ಕಮ್ಮನಿಗೆ ಕಳಿಸಿ ಓದಿಸಿಕೊಳ್ಳುತ್ತಾನೆ. ಅದಕ್ಕೆ ಕೂಡಲೇ ಇನ್ನೊಂದು ಉದ್ದದ ಮಾರುತ್ತರ ಬೇಡ. ಹತ್ತು ಹದಿನೈದು ದಿನ ಬಿಟ್ಟು, ಬೇರೆಯವರೆಲ್ಲ ವಿಚಾರಿಸುವುದನ್ನು ನಿಲ್ಲಿಸಿದ ಮೇಲೆ, ಒಂದೇ ಸಾಲು ಹಾಕಿದರೆ ಸಾಕು: ‘ಈಗ ಹೇಗಿದೀರಾ ಆಂಟಿ, ಊಟ ಸೇರ್ತಾ ಇದ್ಯಾ?’